ಮರಳಿ ಬಾ ಎಂಬ ಡಿಕ್ರಿ ಇದ್ದರೂ ಹೆಂಡತಿಗೆ ಜೀವನಾಂಶ ಸಿಗುವುದು ಏಕೆ?

ಗಂಡನ ಮನೆಗೆ ಮರಳಿ ಹೋಗಬೇಕೆಂದು ಒಂದು ನ್ಯಾಯಾಲಯ ಹೆಂಡತಿಗೆ ಆದೇಶಿಸುತ್ತದೆ. ಆಕೆ ಹೋಗುವುದಿಲ್ಲ. ಹಾಗಿದ್ದರೂ ಆಕೆಗೆ ಪ್ರತಿ ತಿಂಗಳು ಜೀವನಾಂಶ ಕೊಡಬೇಕೆಂದು ಇನ್ನೊಂದು ನ್ಯಾಯಾಲಯ ಗಂಡನಿಗೆ ಆದೇಶಿಸುತ್ತದೆ. 2025ರ ಜನವರಿ 10ರಂದು ಸುಪ್ರೀಂ ಕೋರ್ಟ್, ಈ ಎರಡೂ ಆದೇಶಗಳು ಒಂದೇ ದಂಪತಿಯ ವಿಷಯದಲ್ಲಿ ಒಟ್ಟಿಗೆ ನಿಲ್ಲಬಹುದು ಎಂದು ತೀರ್ಪು ನೀಡಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಮತ್ತು ನ್ಯಾಯಮೂರ್ತಿ ಸಂಜಯ್ ಕುಮಾರ್ ಅವರ ಪೀಠದ ಈ ತೀರ್ಪನ್ನು ಓದಿದ ಅನೇಕರು ಎರಡು ತಪ್ಪು ತೀರ್ಮಾನಗಳಿಗೆ ಬಂದರು. ಕಾರಣವಿಲ್ಲದೆ ತವರಿಗೆ ಹೋದವಳಿಗೂ ಇನ್ನು ಮುಂದೆ ಹಣ ಖಚಿತ ಎಂದು ಕೆಲವರು ಭಾವಿಸಿದರು. ಮರಳಿ ಬರಬೇಕೆಂಬ ಡಿಕ್ರಿಗೆ ಇನ್ನು ಬೆಲೆಯೇ ಇಲ್ಲ ಎಂದು ಮತ್ತೆ ಕೆಲವರು ಭಾವಿಸಿದರು. ತೀರ್ಪು ಈ ಎರಡನ್ನೂ ಹೇಳಿಲ್ಲ. ಅದು ಹೇಳಿದ್ದು ಏನು, ವಿಚ್ಛೇದನವಾಗದೆ ಬೇರೆ ವಾಸಿಸುತ್ತಿರುವ ದಂಪತಿಗಳ ಮೇಲೆ ಅದರ ಪರಿಣಾಮವೇನು ಎಂಬುದನ್ನು ತಿಳಿಯಲು ಮೊದಲು ಕಾನೂನಿನ ಮಾತುಗಳನ್ನೇ ನೋಡಬೇಕು.

ಹಕ್ಕು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ

ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅಡಿಯಲ್ಲಿ ದಶಕಗಳ ಕಾಲ ನಡೆದ ಈ ಮೊಕದ್ದಮೆಗಳು, 2024ರ ಜುಲೈ 1ರ ನಂತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿಯಲ್ಲಿ ದಾಖಲಾಗುತ್ತಿವೆ. ಕಲಮಿನ ಸಂಖ್ಯೆ ಬದಲಾದರೂ ಹೆಂಡತಿಯ ಜೀವನಾಂಶದ ಮೂಲ ತತ್ವ ಬದಲಾಗಿಲ್ಲ. ಗಂಡನಿಗೆ ಸಾಕಷ್ಟು ಆದಾಯವಿರಬೇಕು, ಹೆಂಡತಿ ತನ್ನನ್ನು ತಾನು ಪೋಷಿಸಿಕೊಳ್ಳಲು ಅಶಕ್ತಳಾಗಿರಬೇಕು, ಮತ್ತು ಗಂಡ ಆಕೆಯನ್ನು ನೋಡಿಕೊಳ್ಳಲು ನಿರ್ಲಕ್ಷಿಸಿರಬೇಕು ಅಥವಾ ನಿರಾಕರಿಸಿರಬೇಕು. ಈ ಮೂರು ಅಂಶಗಳು ಕೂಡಿದಾಗ ಜೀವನಾಂಶದ ಹಕ್ಕು ಹುಟ್ಟುತ್ತದೆ. ವಿಚ್ಛೇದನ ಕೇಳಬೇಕಾಗಿಲ್ಲ, ಗಂಡನ ಮೇಲೆ ಕ್ರಿಮಿನಲ್ ದೂರು ಕೊಟ್ಟಿರಬೇಕೆಂದೂ ಇಲ್ಲ. ಧರ್ಮ ಯಾವುದೇ ಆಗಿದ್ದರೂ ಈ ಕಲಂ ಅನ್ವಯಿಸುತ್ತದೆ.

ಅದೇ ಕಲಮಿನ ನಾಲ್ಕನೆಯ ಉಪಕಲಂ ಈ ಹಕ್ಕಿಗೆ ಮೂರು ತಡೆಗಳನ್ನು ಇಡುತ್ತದೆ. ಹೆಂಡತಿ ವ್ಯಭಿಚಾರದಲ್ಲಿ ಜೀವಿಸುತ್ತಿದ್ದರೆ, ಸಾಕಷ್ಟು ಕಾರಣವಿಲ್ಲದೆ ಗಂಡನೊಡನೆ ವಾಸಿಸಲು ನಿರಾಕರಿಸಿದರೆ, ಅಥವಾ ಇಬ್ಬರೂ ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿದ್ದರೆ ಆಕೆಗೆ ಜೀವನಾಂಶವಿಲ್ಲ. ಇಂದಿನ ಬಹುಪಾಲು ವ್ಯಾಜ್ಯ ಎರಡನೆಯ ತಡೆಯ ಸುತ್ತಲೇ ನಡೆಯುತ್ತದೆ. "ಸಾಕಷ್ಟು ಕಾರಣ" ಎಂದರೇನು ಎಂದು ಕಾನೂನು ಪಟ್ಟಿ ಮಾಡಿಲ್ಲ. ಒಂದು ಸಂದರ್ಭವನ್ನು ಮಾತ್ರ ಅದು ಸ್ಪಷ್ಟವಾಗಿ ಹೇಳುತ್ತದೆ: ಗಂಡ ಇನ್ನೊಂದು ಮದುವೆಯಾಗಿದ್ದರೆ ಅಥವಾ ಬೇರೊಬ್ಬಳನ್ನು ಇಟ್ಟುಕೊಂಡಿದ್ದರೆ, ಆತನೊಡನೆ ಬಾಳಲು ಹೆಂಡತಿ ನಿರಾಕರಿಸುವುದು ನ್ಯಾಯವಾದದ್ದೇ. ಉಳಿದದ್ದೆಲ್ಲ ಸಾಕ್ಷ್ಯವನ್ನು ಅವಲಂಬಿಸಿರುತ್ತದೆ.

ಹಿಂದೂ ಹೆಂಡತಿಗೆ ಇನ್ನೊಂದು ದಾರಿಯೂ ಇದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 18ನೇ ಕಲಂ, ಗಂಡ ತ್ಯಜಿಸಿದ್ದರೆ ಅಥವಾ ಕ್ರೂರವಾಗಿ ನಡೆಸಿಕೊಂಡಿದ್ದರೆ, ಬೇರೆ ವಾಸಿಸುತ್ತಲೇ ಜೀವನಾಂಶ ಪಡೆಯುವ ಹಕ್ಕನ್ನು ಆಕೆಗೆ ಕೊಡುತ್ತದೆ. ಇದು ಸಿವಿಲ್ ದಾವೆ. ಇದರ ಅಗತ್ಯ ಎಲ್ಲಿ ಬೀಳುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಜಾರ್ಖಂಡ್‌ನ ದಂಪತಿಯ ಮೊಕದ್ದಮೆ

ಸುಪ್ರೀಂ ಕೋರ್ಟಿನ ಮುಂದೆ ಬಂದ ದಂಪತಿಯ ಮದುವೆ 2014ರ ಮೇ ತಿಂಗಳಲ್ಲಿ ನಡೆದಿತ್ತು. 2015ರ ಆಗಸ್ಟ್‌ನಿಂದ ಹೆಂಡತಿ ತವರಿನಲ್ಲಿದ್ದಳು. ಗಂಡ ವಿದ್ಯುತ್ ಇಲಾಖೆಯಲ್ಲಿ ಕಿರಿಯ ಎಂಜಿನಿಯರ್. ಹೆಂಡತಿ ಮನೆಗೆ ಮರಳಬೇಕೆಂದು ಕೋರಿ ಆತ 2018ರಲ್ಲಿ ರಾಂಚಿಯ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದ. ಹಿಂದೂ ವಿವಾಹ ಕಾಯ್ದೆಯ 9ನೇ ಕಲಂ ಅಡಿಯ ಇಂಥ ಅರ್ಜಿಗೆ ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆಯ ಅರ್ಜಿ ಎಂಬ ಹೆಸರಿದೆ. ಹೆಂಡತಿ 2019ರ ಆಗಸ್ಟ್ 3ರಂದು ಧನಬಾದ್‌ನಲ್ಲಿ ಜೀವನಾಂಶದ ಅರ್ಜಿ ಹಾಕಿದಳು.

ಎರಡೂ ಮೊಕದ್ದಮೆಗಳು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ನ್ಯಾಯಾಧೀಶರ ಮುಂದೆ ನಡೆದು, 2022ರಲ್ಲಿ ಸುಮಾರು ಎರಡು ತಿಂಗಳ ಅಂತರದಲ್ಲಿ ಮುಗಿದವು. ಫೆಬ್ರುವರಿಯಲ್ಲಿ ಧನಬಾದ್ ನ್ಯಾಯಾಲಯ ತಿಂಗಳಿಗೆ 10,000 ರೂಪಾಯಿ ಜೀವನಾಂಶ ಕೊಡಬೇಕೆಂದಿತು. ಏಪ್ರಿಲ್‌ನಲ್ಲಿ ರಾಂಚಿ ನ್ಯಾಯಾಲಯ ಹೆಂಡತಿ ಮರಳಬೇಕೆಂದು ಡಿಕ್ರಿ ಕೊಟ್ಟಿತು. ಗಂಡ ಈ ಡಿಕ್ರಿಯನ್ನು ಹಿಡಿದು ಜಾರ್ಖಂಡ್ ಹೈಕೋರ್ಟಿಗೆ ಹೋದ. ಡಿಕ್ರಿಯ ನಂತರವೂ ಆಕೆ ಮರಳಿಲ್ಲ, ಆದ್ದರಿಂದ ಸಾಕಷ್ಟು ಕಾರಣವಿಲ್ಲದೆ ಬೇರೆ ಇದ್ದಾಳೆ ಎಂದೇ ಅರ್ಥ ಎಂಬ ವಾದವನ್ನು ಹೈಕೋರ್ಟ್ ಒಪ್ಪಿ, 2023ರ ಆಗಸ್ಟ್‌ನಲ್ಲಿ ಜೀವನಾಂಶದ ಆದೇಶವನ್ನು ರದ್ದು ಮಾಡಿತು. ಹೆಂಡತಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಗಿ ಬಂದದ್ದು ಇದರಿಂದ.

ಗಂಡನ ಕಡೆಯ ವಾದದ ಬಲ

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. "ಸಮಂಜಸ ಕಾರಣವಿಲ್ಲದೆ" ಒಬ್ಬರು ಇನ್ನೊಬ್ಬರ ಸಹವಾಸ ತೊರೆದಾಗ ಮಾತ್ರ 9ನೇ ಕಲಂ ಅಡಿಯಲ್ಲಿ ಡಿಕ್ರಿ ಸಿಗುತ್ತದೆ. ಜೀವನಾಂಶದ ಕಲಂ "ಸಾಕಷ್ಟು ಕಾರಣವಿಲ್ಲದೆ" ಎನ್ನುತ್ತದೆ. ಎರಡೂ ಮಾತುಗಳು ಬಹುತೇಕ ಒಂದೇ. ಕಾರಣವಿಲ್ಲ ಎಂದು ಒಂದು ನ್ಯಾಯಾಲಯ ವಿಚಾರಣೆ ನಡೆಸಿ ನಿರ್ಧರಿಸಿದ ಮೇಲೆ, ಅದೇ ಪ್ರಶ್ನೆಗೆ ಇನ್ನೊಂದು ನ್ಯಾಯಾಲಯ ಬೇರೆ ಉತ್ತರ ಕೊಟ್ಟರೆ ಜನರು ಯಾವುದನ್ನು ನಂಬಬೇಕು? ಹಲವು ಹೈಕೋರ್ಟ್‌ಗಳು ಈ ತರ್ಕವನ್ನು ಒಪ್ಪಿದ್ದವು. ಡಿಕ್ರಿಯೊಂದನ್ನೇ ಆಧಾರವಾಗಿಟ್ಟುಕೊಂಡು ಜೀವನಾಂಶ ನಿರಾಕರಿಸಬಾರದು ಎಂದು ಇನ್ನು ಕೆಲವು ಹೈಕೋರ್ಟ್‌ಗಳು ಹೇಳಿದ್ದವು. ಹೀಗಾಗಿ ಯಾವ ರಾಜ್ಯದಲ್ಲಿ ಮೊಕದ್ದಮೆ ನಡೆಯುತ್ತದೆ ಎಂಬುದರ ಮೇಲೆ ಹೆಂಡತಿಯ ಹಕ್ಕು ನಿಂತಿತ್ತು.

ಆದರೆ ಈ ವಾದದ ಇನ್ನೊಂದು ಬದಿ ವ್ಯವಹಾರದಲ್ಲಿ ಕಾಣುತ್ತದೆ. ಹೆಂಡತಿ ಜೀವನಾಂಶದ ಅರ್ಜಿ ಹಾಕಿದ ಕೂಡಲೇ "ಮರಳಿ ಬಾ" ಎಂಬ ಅರ್ಜಿಯನ್ನು ಪ್ರತಿಯಾಗಿ ಹಾಕುವುದು ಒಂದು ತಂತ್ರವಾಗಿ ಬಳಕೆಯಾಗುತ್ತದೆ. ಗಂಡನ ಊರಿನ ನ್ಯಾಯಾಲಯಕ್ಕೆ ಪ್ರತಿ ವಾಯಿದೆಗೂ ಹೋಗಿಬರಲು ಬಸ್ಸಿನ ಖರ್ಚಿಗೂ ಕಷ್ಟವಿರುವ ಹೆಂಗಸು ಅಲ್ಲಿ ಸಾಕ್ಷ್ಯ ಹೇಳದೆ ಉಳಿಯಬಹುದು. ಆಗ ಗಂಡನ ಮಾತನ್ನಷ್ಟೇ ಕೇಳಿ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅಂಥ ಡಿಕ್ರಿ ಜೀವನಾಂಶವನ್ನು ತಾನಾಗಿಯೇ ಕೊನೆಗಾಣಿಸುವುದಾದರೆ, ಹಣವಿಲ್ಲದ ಕಾರಣಕ್ಕೇ ಒಂದು ಮೊಕದ್ದಮೆ ಸೋತವಳು ಅದರಿಂದಾಗಿ ಹಣದ ಮೊಕದ್ದಮೆಯನ್ನೂ ಸೋಲುತ್ತಾಳೆ.

ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ

ಡಿಕ್ರಿ ಇದೆ ಮತ್ತು ಹೆಂಡತಿ ಅದನ್ನು ಪಾಲಿಸಿಲ್ಲ ಎಂಬುದು ತನ್ನಷ್ಟಕ್ಕೇ ಆಕೆಯನ್ನು ಅನರ್ಹಳನ್ನಾಗಿ ಮಾಡುವುದಿಲ್ಲ ಎಂದು ಪೀಠ ಹೇಳಿತು. ಜೀವನಾಂಶದ ಅರ್ಜಿ ಕೇಳುವ ನ್ಯಾಯಾಲಯ ತನ್ನ ಮುಂದಿರುವ ಸಾಕ್ಷ್ಯವನ್ನು ನೋಡಿ, ಮರಳದಿರಲು ಆಕೆಗೆ ಸಾಕಷ್ಟು ಕಾರಣವಿತ್ತೇ ಎಂಬುದನ್ನು ತಾನೇ ತೀರ್ಮಾನಿಸಬೇಕು. ಇದಕ್ಕೆ ಎಲ್ಲ ಪ್ರಕರಣಗಳಿಗೂ ಹೊಂದುವ ಕಟ್ಟುನಿಟ್ಟಿನ ಸೂತ್ರವಿಲ್ಲ, ಪ್ರತಿ ಪ್ರಕರಣದ ಸಂಗತಿಗಳೇ ನಿರ್ಣಾಯಕ.

ಈ ದಂಪತಿಯ ವಿಷಯದಲ್ಲಿ ಆ ಸಂಗತಿಗಳು ಯಾವುವು ಎಂಬುದನ್ನು ನೋಡಿದರೆ ತೀರ್ಪಿನ ಮನಸ್ಸು ಅರ್ಥವಾಗುತ್ತದೆ. 2015ರ ಜನವರಿಯಲ್ಲಿ ಹೆಂಡತಿಗೆ ಗರ್ಭಪಾತವಾದಾಗ ಗಂಡ ಬಂದು ನೋಡಿರಲಿಲ್ಲ. ಮನೆಯ ಶೌಚಾಲಯ ಬಳಸಲು ತನಗೆ ಬಿಡುತ್ತಿರಲಿಲ್ಲ, ಗ್ಯಾಸ್ ಒಲೆ ಮುಟ್ಟಲು ಬಿಡದೆ ಸೌದೆ ಮತ್ತು ಇದ್ದಿಲಿನಲ್ಲೇ ಅಡುಗೆ ಮಾಡಿಸುತ್ತಿದ್ದರು ಎಂದು ಆಕೆ ಹೇಳಿದ್ದಳು. ಇವು ಹೊಡೆತ ಬಡಿತಗಳಲ್ಲ, ಪೊಲೀಸ್ ಠಾಣೆಯ ದಾಖಲೆಗಳೂ ಅಲ್ಲ. ದಿನನಿತ್ಯದ ಅವಮಾನವೂ ಮನೆ ಬಿಡಲು ಸಾಕಷ್ಟು ಕಾರಣವಾಗಬಲ್ಲದು ಎಂಬುದನ್ನು ನ್ಯಾಯಾಲಯ ಒಪ್ಪಿದ್ದು ಈ ತೀರ್ಪಿನ ಬಹು ಮುಖ್ಯ ಭಾಗ, ಆದರೆ ಸುದ್ದಿಗಳಲ್ಲಿ ಅದು ಕಡಿಮೆ ಕಾಣಿಸಿತು. ಡಿಕ್ರಿ ಪಡೆದ ಮೇಲೆ ಗಂಡ ಅದನ್ನು ಜಾರಿಗೊಳಿಸಲು ಏನೂ ಮಾಡಿರಲಿಲ್ಲ ಎಂಬುದನ್ನೂ ಪೀಠ ಗಮನಿಸಿತು. ಹೆಂಡತಿಯನ್ನು ಕರೆತರುವ ಮನಸ್ಸು ನಿಜವಾಗಿಯೂ ಇತ್ತೇ ಎಂಬ ಅನುಮಾನಕ್ಕೆ ಅದು ಎಡೆ ಕೊಟ್ಟಿತು.

ಕೊನೆಗೆ 10,000 ರೂಪಾಯಿಯ ಆದೇಶ ಮತ್ತೆ ಜಾರಿಗೆ ಬಂತು. ಅರ್ಜಿ ಹಾಕಿದ 2019ರ ಆಗಸ್ಟ್ 3ರಿಂದಲೇ ಲೆಕ್ಕ ಹಾಕಿ, ಬಾಕಿಯನ್ನು ಮೂರು ಸಮ ಕಂತುಗಳಲ್ಲಿ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು.

ಇಷ್ಟಾದರೂ ಡಿಕ್ರಿ ನಿರರ್ಥಕವಾಗಿಲ್ಲ. ಹೆಂಡತಿ ಹಾಜರಾಗಿ, ಇಬ್ಬರ ಸಾಕ್ಷ್ಯವೂ ಪಾಟೀ ಸವಾಲೂ ನಡೆದು, ಆಕೆಯ ಆರೋಪಗಳು ಸುಳ್ಳೆಂದು ತೀರ್ಮಾನವಾಗಿದ್ದರೆ, ಆ ಡಿಕ್ರಿ ಜೀವನಾಂಶದ ನ್ಯಾಯಾಲಯದಲ್ಲೂ ತೂಕ ಪಡೆಯುತ್ತದೆ. ಅದು ಬಾಗಿಲು ಮುಚ್ಚುವ ಬೀಗವಾಗುವುದಿಲ್ಲ ಅಷ್ಟೆ. ಇದರ ಜೊತೆಗೆ ಡಿಕ್ರಿಗೆ ಇನ್ನೊಂದು ಪರಿಣಾಮವಿದೆ. ಯಾರನ್ನೂ ಬಲವಂತವಾಗಿ ಎಳೆತಂದು ಮನೆಯಲ್ಲಿ ಕೂರಿಸಲು ಅದರಿಂದ ಆಗದು, ಹೆಚ್ಚೆಂದರೆ ಆಸ್ತಿ ಜಪ್ತಿ ಮಾಡಬಹುದು. ಆದರೆ ಡಿಕ್ರಿಯಾಗಿ ಒಂದು ವರ್ಷ ಕಳೆದರೂ ಸಹವಾಸ ಪುನಃ ಆರಂಭವಾಗದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಅದೇ ಆಧಾರದ ಮೇಲೆ ವಿಚ್ಛೇದನ ಕೇಳಬಹುದು. ಕೂಡಿಸಲು ಇರುವ ಕಲಂ ಹೀಗೆ ಅನೇಕ ಸಲ ಬಿಡಿಸುವ ದಾರಿಯ ಮೊದಲ ಮೆಟ್ಟಿಲಾಗುತ್ತದೆ.

"ನಾನು ಕರೆದೆ, ಅವಳು ಬರಲಿಲ್ಲ"

ಗಂಡನ ಕರೆ ಪ್ರಾಮಾಣಿಕವೇ ಎಂಬುದನ್ನು ನ್ಯಾಯಾಲಯ ನಡವಳಿಕೆಯಿಂದ ಅಳೆಯುತ್ತದೆ. ಹೆಂಡತಿ ತವರಿಗೆ ಹೋದ ಮೊದಲ ತಿಂಗಳುಗಳಲ್ಲಿ ಹಿರಿಯರನ್ನು ಕಳಿಸಿದ್ದನೇ, ಆಕೆಯ ಮತ್ತು ಮಕ್ಕಳ ಖರ್ಚಿಗೆ ಹಣ ಕಳಿಸುತ್ತಿದ್ದನೇ, ಅತ್ತೆಮನೆಯಲ್ಲಿ ಕಿರುಕುಳವಿದೆ ಎಂದು ಆಕೆ ಹೇಳಿದಾಗ ಬೇರೆ ಮನೆ ಮಾಡುವ ಮಾತಾಡಿದ್ದನೇ ಎಂಬ ಪ್ರಶ್ನೆಗಳು ಬರುತ್ತವೆ. ಮೂರು ವರ್ಷ ಒಂದು ರೂಪಾಯಿಯೂ ಕಳಿಸದೆ, ಜೀವನಾಂಶದ ನೋಟಿಸ್ ಕೈಸೇರಿದ ವಾರವೇ ವಕೀಲರ ಮೂಲಕ ಕರೆಯ ಪತ್ರ ಕಳಿಸಿದರೆ, ಆ ಪತ್ರದ ಹಿಂದಿನ ಉದ್ದೇಶ ದಿನಾಂಕದಲ್ಲೇ ಕಾಣುತ್ತದೆ. ಅದೇ ರೀತಿ, ಗಂಡ ಪ್ರತಿ ತಿಂಗಳೂ ಹಣ ಕಳಿಸುತ್ತಿದ್ದು, ಬೇರೆ ಮನೆ ಹಿಡಿದು ಹಲವು ಬಾರಿ ಕರೆದಿದ್ದು, ಹೆಂಡತಿ ಬೇರೆ ಇರಲು ಹೇಳುವ ಕಾರಣಕ್ಕೆ ಯಾವ ಆಧಾರವೂ ಇಲ್ಲದಿದ್ದರೆ, ಎರಡನೆಯ ತಡೆ ಆಕೆಗೆ ನಿಜವಾಗಿಯೂ ಅಡ್ಡ ಬರುತ್ತದೆ. 2025ರ ತೀರ್ಪು ಆ ತಡೆಯನ್ನು ತೆಗೆದುಹಾಕಿಲ್ಲ.

ಹೆಂಡತಿಯ ಕಡೆಯಿಂದ ನೋಡಿದರೆ, ಆಯಾ ಕಾಲದಲ್ಲೇ ಹುಟ್ಟಿದ ಸಣ್ಣ ದಾಖಲೆಗಳು ವರ್ಷಗಳ ನಂತರದ ದೊಡ್ಡ ಆರೋಪಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಆಸ್ಪತ್ರೆಯ ಚೀಟಿಯಲ್ಲಿ ಜೊತೆಗೆ ಬಂದವರು ಯಾರೆಂಬ ನಮೂದು, ಅಕ್ಕನಿಗೆ ಅಂದೇ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಹೆರಿಗೆಯ ಖರ್ಚನ್ನು ತಂದೆ ಕಟ್ಟಿದ ರಸೀದಿ, ನೆರೆಮನೆಯವರ ಸಾಕ್ಷಿ ಇಂಥವು. ಗಂಡ ಹಾಕಿದ ಪುನರ್‌ಸ್ಥಾಪನೆಯ ಅರ್ಜಿಯ ನೋಟಿಸ್ ಬಂದಾಗ ಹಾಜರಾಗದೆ ಉಳಿಯುವುದು ಇಂದಿಗೂ ಅಪಾಯದ ಹೆಜ್ಜೆಯೇ. ಆ ಮೊಕದ್ದಮೆ ನಡೆಸಲು ಬೇಕಾದ ವೆಚ್ಚವನ್ನೂ ಮಧ್ಯಂತರ ಜೀವನಾಂಶವನ್ನೂ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿಯಲ್ಲಿ ಅಲ್ಲಿಯೇ ಕೇಳಬಹುದು.

ಪಂಚಾಯಿತಿ ಕಾಗದದ ತೊಡಕು

ನಮ್ಮ ಊರುಗಳಲ್ಲಿ ನ್ಯಾಯಾಲಯಕ್ಕೆ ಹೋಗುವ ಮುನ್ನ ಹಿರಿಯರು ಕೂತು ರಾಜಿ ಮಾಡುವ ರೂಢಿ ಇದೆ. ಅಲ್ಲಿ ಛಾಪಾ ಕಾಗದದ ಮೇಲೆ "ಇಬ್ಬರೂ ಒಪ್ಪಿ ಬೇರೆ ಬೇರೆ ಇರುತ್ತೇವೆ, ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇರುವುದಿಲ್ಲ" ಎಂದು ಬರೆಸಿ ಸಹಿ ಹಾಕಿಸುತ್ತಾರೆ. ಇದರಿಂದ ಹಿಂದೂಗಳಲ್ಲಿ ಸಾಮಾನ್ಯವಾಗಿ ಮದುವೆ ಮುರಿಯುವುದಿಲ್ಲ, ಆದರೆ ಜೀವನಾಂಶಕ್ಕೆ ಪೆಟ್ಟು ಬೀಳಬಹುದು. ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವುದು ನಾಲ್ಕನೆಯ ಉಪಕಲಮಿನ ಮೂರನೆಯ ತಡೆ. ಅದಕ್ಕೆ ಗಂಡ ಈ ಕಾಗದವನ್ನೇ ಸಾಕ್ಷ್ಯವಾಗಿ ಮುಂದಿಡುತ್ತಾನೆ. ಮನೆಯಿಂದ ಹೊರಹಾಕಿದ ಮೇಲೆ ಬೇರೆ ದಾರಿಯಿಲ್ಲದೆ ಹಾಕಿದ ಸಹಿಯನ್ನು ನಿಜವಾದ ಒಪ್ಪಿಗೆ ಎನ್ನಲಾಗದು ಎಂದು ಹೆಂಡತಿ ವಾದಿಸಬಹುದು, ಆದರೆ ಅದನ್ನು ಸಾಬೀತುಪಡಿಸುವ ಹೊರೆ ಆಕೆಯ ಮೇಲೆ ಬೀಳುತ್ತದೆ.

ಹಕ್ಕನ್ನೇ ಬರೆದುಕೊಟ್ಟಿದ್ದರೆ? ಇದಕ್ಕೆ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಜೀವನಾಂಶದ ಅರ್ಜಿ ನಡೆಯುತ್ತಿದ್ದಾಗ ಹೆಂಡತಿ 8,000 ರೂಪಾಯಿಯ ಇಡಿಗಂಟು ಪಡೆದು, ಮುಂದೆ ಏನನ್ನೂ ಕೇಳುವುದಿಲ್ಲ ಎಂದು ರಾಜಿಯಾಗಿದ್ದಳು. ವರ್ಷಗಳ ನಂತರ ಆಕೆ 1956ರ ಕಾಯ್ದೆಯ 18ನೇ ಕಲಂ ಅಡಿಯಲ್ಲಿ ಸಿವಿಲ್ ದಾವೆ ಹೂಡಿದಳು. ಹಿಂದಿನ ರಾಜಿ ಈ ದಾವೆಗೆ ಅಡ್ಡಿಯಾಗದು, ಕಾಯ್ದೆ ಕೊಟ್ಟ ಜೀವನಾಂಶದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ಪಂಚಾಯಿತಿ ಕಾಗದದ ಕಾರಣಕ್ಕೆ ಒಂದು ದಾರಿ ಮುಚ್ಚಿದವರು 18ನೇ ಕಲಮಿನ ದಾರಿಯನ್ನು ತಮ್ಮ ವಕೀಲರೊಡನೆ ಚರ್ಚಿಸಬೇಕು.

ಮೊತ್ತ ನಿಗದಿಯಾಗುವ ಬಗೆ

ಗಂಡನ ನಿವ್ವಳ ಸಂಬಳದ ಶೇ 25ರಷ್ಟು ಜೀವನಾಂಶ ನ್ಯಾಯಯುತ ಎಂದು ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ಹೇಳಿತು. ಅದು ಕಾನೂನಿನಲ್ಲಿ ಬರೆದ ದರವಲ್ಲ, ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ ಅಂದಾಜು. ಹೆಂಡತಿ ಅಲ್ಪಸ್ವಲ್ಪ ದುಡಿಯುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಗಂಡನ ಮನೆಯಲ್ಲಿದ್ದ ಮಟ್ಟದಲ್ಲಿ ಬದುಕಲು ಆ ದುಡಿಮೆ ಸಾಲುತ್ತದೆಯೇ ಎಂಬುದು ಅಳತೆ. ದುಡಿಯಬಲ್ಲಳು ಎಂಬುದೂ ದುಡಿಯುತ್ತಿದ್ದಾಳೆ ಎಂಬುದೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಇದಕ್ಕೆ ಎದುರಾಗಿ, ಚೆನ್ನಾಗಿ ಓದಿ ಅನುಭವವೂ ಇರುವವರು ಜೀವನಾಂಶಕ್ಕಾಗಿಯೇ ಸುಮ್ಮನೆ ಕೂರಬಾರದು ಎಂದು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಈ ಎರಡು ನಿಲುವುಗಳ ನಡುವಿನ ಎಳೆದಾಟ ಇನ್ನೂ ಮುಗಿದಿಲ್ಲ.

ಲೆಕ್ಕ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯ ಒಬ್ಬ ನೌಕರನ ಒಟ್ಟು ಸಂಬಳ 68,000 ರೂಪಾಯಿ. ಭವಿಷ್ಯನಿಧಿ ಮತ್ತು ತೆರಿಗೆಗಳಿಗೆ 8,000 ಕಡಿತವಾಗುತ್ತದೆ. ಕಾರಿನ ಕಂತು 12,000, ವೈಯಕ್ತಿಕ ಸಾಲದ ಕಂತು 8,000 ಎಂದು ತೋರಿಸಿ, ತನ್ನ ಕೈಗೆ ಬರುವುದು 40,000 ಮಾತ್ರ ಎಂದು ಆತ ಹೇಳುತ್ತಾನೆ. ಕಾನೂನಿನಂತೆ ಕಡ್ಡಾಯವಾದ ಕಡಿತಗಳನ್ನು ನ್ಯಾಯಾಲಯ ಸಂಬಳದಿಂದ ಕಳೆಯುತ್ತದೆ. ತಾನಾಗಿ ಮಾಡಿಕೊಂಡ ಸಾಲದ ಕಂತನ್ನು ಹೆಂಡತಿಯ ಅನ್ನಕ್ಕಿಂತ ಮುಂದೆ ಇಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಗ ಲೆಕ್ಕಕ್ಕೆ ಸಿಗುವ ಆದಾಯ 60,000, ಅದರ ಕಾಲುಭಾಗ 15,000. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ಒಂದಿಷ್ಟು ಗಳಿಸುತ್ತಾಳೆ, ಗಂಡನ ವಯಸ್ಸಾದ ತಾಯಿ ಆತನನ್ನೇ ಅವಲಂಬಿಸಿದ್ದಾಳೆ. ಇವೆರಡನ್ನೂ ಗಣಿಸಿ ನ್ಯಾಯಾಲಯ 12,000 ನಿಗದಿಪಡಿಸಿತೆಂದು ಇಟ್ಟುಕೊಳ್ಳೋಣ.

ಅರ್ಜಿ ಹಾಕಿ 30 ತಿಂಗಳ ನಂತರ ಈ ಅಂತಿಮ ಆದೇಶ ಬರುತ್ತದೆ. ಅರ್ಜಿಯ ದಿನಾಂಕದಿಂದಲೇ ಜೀವನಾಂಶ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿರುವುದರಿಂದ ಒಟ್ಟು 3,60,000 ರೂಪಾಯಿ ಆಗುತ್ತದೆ. ಈ ಅವಧಿಯಲ್ಲಿ ತಿಂಗಳಿಗೆ 5,000ದಂತೆ ಮಧ್ಯಂತರ ಜೀವನಾಂಶ 1,50,000 ಸಂದಾಯವಾಗಿದ್ದರೆ ಬಾಕಿ 2,10,000. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಬೇರೊಂದು ಪ್ರಕರಣದಲ್ಲಿ ಆಕೆಯ ಪೋಷಣೆಗೆಂದೇ 60,000 ಸಿಕ್ಕಿದ್ದರೆ ಅದನ್ನೂ ಕಳೆದು 1,50,000 ಉಳಿಯುತ್ತದೆ. ಹಲವು ಕಾಯ್ದೆಗಳಡಿ ಅರ್ಜಿ ಹಾಕಬಹುದು, ಆದರೆ ಒಂದೇ ಅವಧಿಗೆ ಎರಡೆರಡು ಬಾರಿ ಹಣ ಸಿಗುವುದಿಲ್ಲ. ಹಿಂದಿನ ಆದೇಶಗಳನ್ನು ಹೊಸ ನ್ಯಾಯಾಲಯಕ್ಕೆ ತಿಳಿಸುವುದು ಅರ್ಜಿದಾರಳ ಕರ್ತವ್ಯ.

ಅದೇ 2020ರ ತೀರ್ಪಿನಿಂದಾಗಿ ಈಗ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಸಂಬಳದ ಚೀಟಿ ಇಲ್ಲದ ವ್ಯಾಪಾರಿಯ, ಕೃಷಿಕನ ಅಥವಾ ಗುತ್ತಿಗೆದಾರನ ಆದಾಯವನ್ನು ಅಂದಾಜು ಮಾಡಲು ಈ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಮರೆಮಾಚಿದ ಬ್ಯಾಂಕ್ ಖಾತೆಯೊಂದು ಪಾಟೀ ಸವಾಲಿನಲ್ಲಿ ಹೊರಬಿದ್ದರೆ, ಮರೆಮಾಚಿದವರ ಉಳಿದ ಮಾತುಗಳೂ ನಂಬಿಕೆ ಕಳೆದುಕೊಳ್ಳುತ್ತವೆ.

ಆದೇಶ ಕೈಗೆ ಬಂದ ಮೇಲೆ

ಮಧ್ಯಂತರ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಬೇಕೆಂದು ಕಾನೂನೇ ಹೇಳುತ್ತದೆ. ನೋಟಿಸ್ ಜಾರಿಯಾಗುವುದಕ್ಕೇ ತಿಂಗಳುಗಳು ಹಿಡಿಯುವುದರಿಂದ ಈ ಗಡುವು ಹೆಚ್ಚು ಸಲ ಕಾಗದದಲ್ಲೇ ಉಳಿಯುತ್ತದೆ. ಗಂಡನ ಈಗಿನ ವಿಳಾಸ, ಕೆಲಸದ ಸ್ಥಳ, ಫೋನ್ ಸಂಖ್ಯೆಗಳನ್ನು ಅರ್ಜಿಯಲ್ಲೇ ಸರಿಯಾಗಿ ಕೊಟ್ಟರೆ ಈ ವಿಳಂಬ ಒಂದಷ್ಟು ತಗ್ಗುತ್ತದೆ. ಅರ್ಜಿಯನ್ನು ಗಂಡನ ಊರಿನಲ್ಲೇ ಹಾಕಬೇಕೆಂದಿಲ್ಲ, ಹೆಂಡತಿ ಈಗ ವಾಸಿಸುತ್ತಿರುವ ಜಿಲ್ಲೆಯಲ್ಲೂ ಹಾಕಬಹುದು.

ಗಂಡ ಆದೇಶವನ್ನು ಪಾಲಿಸದಿದ್ದರೆ ವಸೂಲಿಗೆ ಬೇರೆಯೇ ಅರ್ಜಿ ಹಾಕಬೇಕು. ದಂಡ ವಸೂಲಿಯ ರೀತಿಯಲ್ಲಿ ವಾರಂಟ್ ಹೊರಡಿಸಬಹುದು, ಆಗಲೂ ಹಣ ಕಟ್ಟದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂಬ ನಂಬಿಕೆ ತಪ್ಪು. ಜೈಲುವಾಸ ಹಣ ಕಟ್ಟಿಸುವ ಒತ್ತಡವೇ ಹೊರತು ಹಣಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಮಾನಿಸಿದೆ. ಅನೇಕ ಹೆಂಗಸರು ಸೋಲುವುದು ಗಡುವಿನ ವಿಷಯದಲ್ಲಿ. ಯಾವುದೇ ತಿಂಗಳ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ, ಆ ತಿಂಗಳ ಮೊತ್ತಕ್ಕೆ ಈ ವಾರಂಟ್ ಸಿಗುವುದಿಲ್ಲ. ಗಂಡ ಇಂದು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎನ್ನುತ್ತಾ ಹದಿನೆಂಟು ತಿಂಗಳು ಕಳೆದರೆ, ಹಳೆಯ ಆರು ತಿಂಗಳ ಹಣಕ್ಕೆ ಈ ಬಲವಾದ ದಾರಿ ಮುಚ್ಚಿಹೋಗಿರುತ್ತದೆ. ಹೀಗಾಗಿ ಬಾಕಿ ಬೆಳೆಯುತ್ತಿರುವಾಗ ಹನ್ನೊಂದನೆಯ ತಿಂಗಳು ಮುಗಿಯುವ ಮೊದಲೇ ವಸೂಲಿ ಅರ್ಜಿ ದಾಖಲಾಗಿರಬೇಕು. ಆ ಅರ್ಜಿ ಇನ್ನೂ ವಿಚಾರಣೆಯಲ್ಲಿದ್ದರೂ, ನಂತರದ ತಿಂಗಳುಗಳ ಬಾಕಿಗೆ ಪ್ರತ್ಯೇಕ ಅರ್ಜಿಯನ್ನು ಅದರ ಗಡುವಿನೊಳಗೇ ಹಾಕುವುದು ಕ್ಷೇಮ.